ಸ್ಟೇಟ್‌ಮೆಂಟಿನಲ್ಲಿ ಗುರುತಿಲ್ಲದ ಹೆಸರು: ಕಳ್ಳನೋ, ನಿಮ್ಮದೇ ಚಂದಾವೋ?

ನಾನು ಮಂಗಳೂರು ಮತ್ತು ಉಡುಪಿಯ ಕೆಲವು ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವವನು. ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಬಂದ ವಾರ ಫೋನಿನಲ್ಲಿ ಕೇಳಿಬರುವ ಪ್ರಶ್ನೆ ಹೆಚ್ಚಾಗಿ ಒಂದೇ: ‘ಇದು ಯಾರು ಮಾರಾಯರೇ, ನನ್ನ ದುಡ್ಡು ತೆಗೆದವರು?’ ಹುಡುಕುತ್ತಾ ಹೋದರೆ ಅನೇಕ ಸಲ ಸಿಗುವುದು ಕಳ್ಳನಲ್ಲ, ಅವರೇ ಎಂದೋ ಒಪ್ಪಿಗೆ ಕೊಟ್ಟು ಮರೆತ ಚಂದಾ. ನಾವು ನೆನಪಿಟ್ಟುಕೊಳ್ಳುವುದು ಆ್ಯಪಿನ ಹೆಸರನ್ನು. ಸ್ಟೇಟ್‌ಮೆಂಟಿನಲ್ಲಿ ಅಚ್ಚಾಗುವುದು ಹಣ ಪಡೆದ ಕಂಪನಿಯ ಹೆಸರು, ಇಲ್ಲವೇ ಆ ಕಂಪನಿಯ ಪರವಾಗಿ ಹಣ ವಸೂಲು ಮಾಡಿದ ಮಧ್ಯವರ್ತಿಯ ಹೆಸರು.

ಕರಾವಳಿಯವರಿಗೆ ಇದು ತೀರಾ ಹೊಸತೇನಲ್ಲ. ಕಾರ್ಪೊರೇಷನ್ ಬ್ಯಾಂಕಿನಲ್ಲಿ ತೆರೆದ ಖಾತೆ 2020ರ ಏಪ್ರಿಲ್ 1ರಿಂದ ಯೂನಿಯನ್ ಬ್ಯಾಂಕಿನದಾಯಿತು, ಅದೇ ದಿನ ಸಿಂಡಿಕೇಟ್ ಬ್ಯಾಂಕಿನ ಖಾತೆ ಕೆನರಾ ಬ್ಯಾಂಕಿನದಾಯಿತು. ಖಾತೆ ಅದೇ, ಹಣ ಅದೇ, ಮೇಲಿನ ಹೆಸರು ಮಾತ್ರ ಬೇರೆ. ಚಂದಾಗಳಲ್ಲಿ ಇದೇ ಸಂಗತಿ ಯಾರೂ ಹೇಳದೆ ಕೇಳದೆ ನಡೆಯುತ್ತಿರುತ್ತದೆ.

ಹುಡುಕಾಟದಲ್ಲಿ ಹೆಸರು ಎಲ್ಲಕ್ಕಿಂತ ದುರ್ಬಲವಾದ ಸುಳಿವು. ಮೊತ್ತ, ದಿನಾಂಕ ಮತ್ತು ಮ್ಯಾಂಡೇಟ್, ಅಂದರೆ ನೀವು ಬ್ಯಾಂಕಿಗೆ ಕೊಟ್ಟ ಸ್ವಯಂ ಪಾವತಿಯ ಒಪ್ಪಿಗೆ, ಇವು ಮೂರು ಹೆಸರಿಗಿಂತ ಗಟ್ಟಿ. ಕೆಳಗಿನ ಪರಿಶೀಲನೆಗಳು ಇವುಗಳ ಸುತ್ತಲೇ ಇವೆ.

ಲಕ್ಷಣ: ಒಂದಲ್ಲ, ಹಲವು ಗುರುತಿಲ್ಲದ ಕಡಿತಗಳು, ಅಥವಾ ಕೇಳದೆ ಬಂದ ಒಟಿಪಿ

ಇದನ್ನು ಮೊದಲು ಹೇಳುವುದಕ್ಕೆ ಕಾರಣ, ಇಲ್ಲಿ ಹುಡುಕುತ್ತಾ ಕೂರಬಾರದು. ಕೆಲವೇ ನಿಮಿಷಗಳ ಅಂತರದಲ್ಲಿ ಬೇರೆ ಬೇರೆ ಹೆಸರಿನಲ್ಲಿ ಕಡಿತ. ಮೊದಲು ಒಂದೆರಡು ರೂಪಾಯಿ ಅಥವಾ ಒಂದು ಡಾಲರು, ಹಿಂದೆಯೇ ದೊಡ್ಡ ಮೊತ್ತ. ನೀವು ಏನನ್ನೂ ಕೊಳ್ಳದಿರುವಾಗ ಒಟಿಪಿಗಳ ಸಾಲು. ಕಡಿತವಾದ ಕೂಡಲೇ ‘ಬ್ಯಾಂಕಿನಿಂದ’ ಕರೆ. ಚಂದಾ ಹೀಗೆ ವರ್ತಿಸುವುದಿಲ್ಲ. ಅದು ತಿಂಗಳಿಗೋ ವರ್ಷಕ್ಕೋ ಒಮ್ಮೆ ಬಂದು ಹೋಗುತ್ತದೆ.

ಇಂಥ ಸಂದರ್ಭದಲ್ಲಿ ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ಆನ್‌ಲೈನ್ ಮತ್ತು ಅಂತರರಾಷ್ಟ್ರೀಯ ಬಳಕೆಯನ್ನು ಮೊದಲು ಆಫ್ ಮಾಡಿ. ಬಳಿಕ ಕಾರ್ಡಿನ ಹಿಂಬದಿಯಲ್ಲಿರುವ ಸಂಖ್ಯೆಗೆ ಕರೆ ಮಾಡಿ ಕಾರ್ಡನ್ನು ಶಾಶ್ವತವಾಗಿ ಬ್ಲಾಕ್ ಮಾಡಿಸಿ, ದೂರು ಸಂಖ್ಯೆ ಪಡೆಯಿರಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ, ಅಥವಾ cybercrime.gov.in ನಲ್ಲಿ ದಾಖಲಿಸಿ. ಮಂಗಳೂರು, ಉಡುಪಿ ಎರಡೂ ಕಡೆ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ, ಆದರೆ ಠಾಣೆಗೆ ಹೊರಡುವ ಮೊದಲು 1930ಕ್ಕೆ ಕರೆ ಹೋಗಿರಲಿ. ಹಣವನ್ನು ದಾರಿಯಲ್ಲೇ ತಡೆಯುವುದಕ್ಕೆ ಆ ಮೊದಲ ಗಂಟೆಗಳೇ ಮುಖ್ಯ.

ಇನ್ನೊಂದು ಎಚ್ಚರಿಕೆ. ಗುರುತಿಲ್ಲದ ಹೆಸರನ್ನು ಅಂತರಜಾಲದಲ್ಲಿ ಹುಡುಕಿ, ಅಲ್ಲಿ ಸಿಕ್ಕ ‘ಗ್ರಾಹಕ ಸೇವೆ’ಯ ಮೊಬೈಲ್ ಸಂಖ್ಯೆಗೆ ಕರೆ ಮಾಡಬೇಡಿ. ಹೀಗೆ ಹುಡುಕುವವರಿಗಾಗಿಯೇ ಬಲೆ ಹಾಕಿ ಕೂತವರಿದ್ದಾರೆ. ಹಣ ಮರಳಿಸುವುದಕ್ಕೆ ಒಟಿಪಿಯಾಗಲಿ, ಯುಪಿಐ ಪಿನ್ ಆಗಲಿ ಎಂದೂ ಬೇಡ. ಪರದೆ ಹಂಚುವ ಆ್ಯಪ್ ಹಾಕಿಕೊಳ್ಳಿ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ.

ಮೇಲಿನ ಯಾವುದೂ ಇಲ್ಲದೆ ಒಂದೇ ಒಂದು ಅಪರಿಚಿತ ಕಡಿತ ಕಂಡರೆ ಮುಂದಕ್ಕೆ ಓದಿ.

ಲಕ್ಷಣ: ಹೆಸರು ಗೊತ್ತಿಲ್ಲ, ಮೊತ್ತ ಎಲ್ಲೋ ನೋಡಿದಂತಿದೆ

ಖರ್ಚಿಲ್ಲದ ಮೊದಲ ಪರೀಕ್ಷೆ ಹಳೆಯ ಸ್ಟೇಟ್‌ಮೆಂಟುಗಳು. ಹಿಂದಿನ ಮೂರು ತಿಂಗಳ ಪ್ರತಿಗಳಲ್ಲಿ ಅದೇ ಮೊತ್ತ ಅದೇ ತಾರೀಖಿನ ಆಸುಪಾಸಿನಲ್ಲಿ ಇದೆಯೇ ನೋಡಿ. ಇದ್ದರೆ ಅದು ತಿಂಗಳ ಚಂದಾ, ನೀವು ಈಗಷ್ಟೇ ಗಮನಿಸಿದ್ದೀರಿ. ಇಲ್ಲದಿದ್ದರೆ ಕಳೆದ ವರ್ಷದ ಇದೇ ತಿಂಗಳ ಸ್ಟೇಟ್‌ಮೆಂಟ್ ತೆಗೆಯಿರಿ. ಜನರನ್ನು ಹೆಚ್ಚು ಬೆಚ್ಚಿಬೀಳಿಸುವುದು ವಾರ್ಷಿಕ ಚಂದಾಗಳೇ, ಏಕೆಂದರೆ ಹನ್ನೆರಡು ತಿಂಗಳು ಸದ್ದಿಲ್ಲದೆ ಇದ್ದು ಒಮ್ಮೆಲೇ ದೊಡ್ಡ ಮೊತ್ತ ಎಳೆಯುತ್ತವೆ. ತಾರೀಖು ಒಂದೆರಡು ದಿನ ಹಿಂದೆಮುಂದೆ ಆಗಿದ್ದರೆ ಚಿಂತೆ ಬೇಡ. ಹಣ ಕಡಿದ ದಿನ ಒಂದು, ಬ್ಯಾಂಕಿನ ಲೆಕ್ಕಕ್ಕೆ ಸೇರಿದ ದಿನ ಇನ್ನೊಂದು. ವಿದೇಶಿ ಕಂಪನಿಯಾದರೆ ಅಲ್ಲಿಯ ಗಡಿಯಾರದ ವ್ಯತ್ಯಾಸವೂ ಸೇರುತ್ತದೆ.

ಮೊತ್ತ ಹೊಂದಿ ಹೆಸರು ಮಾತ್ರ ಬದಲಾಗಿದ್ದರೆ, ಆ ಸೇವೆಯ ಹಿಂದಿನ ಕಂಪನಿಯೇ ಹೆಸರು ಬದಲಿಸಿದೆಯೇ ಎಂದು ನೋಡಿ. ಸ್ವಿಗ್ಗಿಯ ಹಳೆಯ ಬಿಲ್ಲುಗಳಲ್ಲಿ ಇದ್ದದ್ದು ಬಂಡಲ್ ಟೆಕ್ನಾಲಜೀಸ್. ಜೊಮಾಟೊ ನಡೆಸುವ ಕಂಪನಿ 2025ರಲ್ಲಿ ಎಟರ್ನಲ್ ಆಯಿತು, ಆ್ಯಪಿನ ಹೆಸರು ಹಾಗೆಯೇ ಉಳಿಯಿತು. ಹಾಟ್‌ಸ್ಟಾರ್ ಬಹುಕಾಲ ನೋವಿ ಡಿಜಿಟಲ್ ಎಂಟರ್‌ಟೈನ್‌ಮೆಂಟ್ ಎಂಬ ಕಂಪನಿಯದಾಗಿತ್ತು, 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಪೇಟಿಎಂ ಎಂದರೆ ಒನ್97 ಕಮ್ಯುನಿಕೇಷನ್ಸ್, ನೈಕಾ ಎಂದರೆ ಎಫ್‌ಎಸ್‌ಎನ್ ಇ-ಕಾಮರ್ಸ್. ಇವೆಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಯಾವ ಆ್ಯಪಿನ ಮೇಲೆ ಅನುಮಾನವೋ ಅದರೊಳಗಿನ ‘ನಿಯಮ ಮತ್ತು ಷರತ್ತು’ ಪುಟದ ಮೊದಲ ಪ್ಯಾರಾದಲ್ಲಿ ಕಂಪನಿಯ ನೋಂದಾಯಿತ ಹೆಸರು ಸಾಮಾನ್ಯವಾಗಿ ಇರುತ್ತದೆ. ಆ ಪುಟವನ್ನು ಓದುವುದಕ್ಕೆ ಒಂದು ಕಾರಣ ಸಿಕ್ಕಂತಾಯಿತು.

ಲಕ್ಷಣ: ಹೆಸರಿನ ನಡುವೆ ನಕ್ಷತ್ರ ಚಿಹ್ನೆ, ಅರ್ಧಕ್ಕೆ ಕಡಿದ ಪದ, ಕಾಣದ ಊರು

ಕಾರ್ಡ್ ಜಾಲದಲ್ಲಿ ವ್ಯಾಪಾರಿಯ ಹೆಸರಿಗೆ ಇರುವ ಜಾಗ ಬಹಳ ಕಡಿಮೆ. ವೀಸಾದಲ್ಲಿ 25 ಅಕ್ಷರ, ಮಾಸ್ಟರ್‌ಕಾರ್ಡಿನಲ್ಲಿ 22. ಊರಿಗೆ 13. ಇಷ್ಟರೊಳಗೆ ತುರುಕಬೇಕಾದ್ದರಿಂದ ಹೆಸರು ಮಧ್ಯಕ್ಕೇ ತುಂಡಾಗುತ್ತದೆ. ‘ಟೆಕ್ನಾಲಜೀಸ್ ಪ್ರೈವೇಟ್ ಲಿಮಿಟೆಡ್’ ಎಂಬ ಬಾಲವಿರುವ ಕಂಪನಿಯ ಹೆಸರು ಅದರಲ್ಲಿ ಹೇಗೆ ಹಿಡಿದೀತು?

ನಕ್ಷತ್ರ ಚಿಹ್ನೆ ಕಂಡರೆ ಅದರ ಎಡಕ್ಕಿರುವುದು ಹಣ ವಸೂಲು ಮಾಡಿದವರು, ಬಲಕ್ಕಿರುವುದು ನಿಜವಾದ ಮಾರಾಟಗಾರರು ಅಥವಾ ಉತ್ಪನ್ನ. ಹೆಚ್ಚಾಗಿ ಕಾಣಸಿಗುವವು ಹೀಗಿರುತ್ತವೆ:

```
GOOGLE *YouTubePremium
PAYPAL *
PADDLE.NET*
RAZ*
PYU*
```

ಮೊದಲನೆಯದನ್ನು ಓದುವುದು ಸುಲಭ. ಗೂಗಲ್ ಪ್ಲೇ ಮೂಲಕ ಕೊಂಡ ಚಂದಾದಲ್ಲಿ ನಕ್ಷತ್ರದ ಬಲಕ್ಕೆ ಕೆಲವೊಮ್ಮೆ ಆ್ಯಪಿನ ಹೆಸರು ಬರುತ್ತದೆ, ಕೆಲವೊಮ್ಮೆ ಆ್ಯಪ್ ತಯಾರಿಸಿದವರ ಹೆಸರು. ತಯಾರಿಸಿದವರ ಹೆಸರು ಬಂದರೆ ಗುರುತು ಸಿಗುವುದಿಲ್ಲ. ಕೊನೆಯ ಎರಡು ನಮ್ಮ ದೇಶದ ಪಾವತಿ ಗೇಟ್‌ವೇಗಳಾದ ರೇಜರ್‌ಪೇ ಮತ್ತು ಪೇಯು. ಇವರ ಹೆಸರು ಕಂಡಾಗ ಇವರನ್ನೇ ಬೈಯುವವರಿದ್ದಾರೆ. ಅವರು ಹಣ ದಾಟಿಸುವ ದೋಣಿಯವರು ಮಾತ್ರ, ಸರಕು ಬೇರೆಯವರದು.

ನಡುವಿನ `PADDLE.NET*` ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ವಿದೇಶದ ಸಣ್ಣ ಸಾಫ್ಟ್‌ವೇರ್ ತಯಾರಕರು ಪ್ರತಿ ದೇಶದ ತೆರಿಗೆ ಲೆಕ್ಕ ಇಟ್ಟುಕೊಳ್ಳಲಾರದೆ ತಮ್ಮ ಸರಕನ್ನು ಒಬ್ಬ ಮರುಮಾರಾಟಗಾರನ ಮೂಲಕ ಮಾರುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ನಿಮಗೆ ಮಾರಿದವನು ಆ ಮರುಮಾರಾಟಗಾರ. ಬಿಲ್ಲು ಅವನದು, ಸ್ಟೇಟ್‌ಮೆಂಟಿನಲ್ಲಿ ಹೆಸರೂ ಅವನದೇ, ಊರು ಲಂಡನ್. ನೀವು ಕೊಂಡದ್ದು ಜರ್ಮನಿಯ ಇಬ್ಬರು ಹುಡುಗರು ಬರೆದ ಸಾಫ್ಟ್‌ವೇರ್ ಇರಬಹುದು. ಇಂಥ ಕಂಪನಿಗಳು ಖರೀದಿದಾರರಿಗಾಗಿಯೇ ಒಂದು ಹುಡುಕುವ ಪುಟ ಇಟ್ಟಿರುತ್ತವೆ. ಸ್ಟೇಟ್‌ಮೆಂಟಿನಲ್ಲಿ ಕಾಣುವ `paddle.net` ಅಂಥದೇ ಒಂದು ವಿಳಾಸ, ಅಲ್ಲಿಂದ ನಿಮ್ಮ ಖರೀದಿಯನ್ನು ಪತ್ತೆ ಮಾಡಬಹುದು. ವಿಳಾಸವನ್ನು ನೀವೇ ಟೈಪ್ ಮಾಡಿ. ಕಾರ್ಡಿನ ಕೊನೆಯ ನಾಲ್ಕು ಅಂಕೆಗಳಿಗಿಂತ ಹೆಚ್ಚು ಕೇಳುವ ಪುಟದಿಂದ ಎದ್ದು ಬನ್ನಿ. ಖರೀದಿ ಹುಡುಕುವುದಕ್ಕೆ ಪೂರ್ತಿ ಸಂಖ್ಯೆ ಬೇಕಾಗುವುದಿಲ್ಲ.

ಊರಿನ ಹೆಸರಿಗೆ ಬೆಲೆ ಕೊಡಬೇಡಿ. ‘ನಾನು ಗುರುಗ್ರಾಮಕ್ಕೆ ಹೋಗಿಯೇ ಇಲ್ಲ’ ಎಂಬ ವಾದವನ್ನು ಬ್ಯಾಂಕಿನವರು ದಿನವೂ ಕೇಳುತ್ತಾರೆ. ಅದು ಕಂಪನಿಯ ಊರು. ಗೂಗಲ್ ಆ ಜಾಗದಲ್ಲಿ ಊರಿನ ಬದಲು `g.co/helppay#` ಎಂಬ ವಿಳಾಸವನ್ನೇ ಹಾಕುವುದುಂಟು.

ಇನ್ನೊಂದು ಬಾಲ ಗಮನಿಸುವಂಥದು. ಹೆಸರಿನ ಕೊನೆಗೆ `SI` ಎಂದಿದ್ದರೆ ಅದು ಸ್ಥಾಯಿ ಸೂಚನೆ, ಅಂದರೆ ನೀವು ಮೊದಲೇ ನೋಂದಾಯಿಸಿದ ಮ್ಯಾಂಡೇಟ್ ಮೂಲಕ ಆದ ಕಡಿತ. ಆ ಎರಡು ಅಕ್ಷರ ಕಂಡರೆ ಕಳ್ಳನ ಸಾಧ್ಯತೆ ಬಹಳ ಇಳಿಯುತ್ತದೆ, ಏಕೆಂದರೆ ನೋಂದಣಿಯ ದಿನ ನಿಮ್ಮ ಮೊಬೈಲಿಗೆ ಒಟಿಪಿ ಬಂದೇ ಇರಬೇಕು.

ಲಕ್ಷಣ: ಒಟಿಪಿ ಬರಲಿಲ್ಲ, ಆದರೂ ಹಣ ಹೋಯಿತು

‘ಒಟಿಪಿ ಇಲ್ಲದೆ ಹೋಗಿದೆ, ಹಾಗಾದರೆ ಇದು ಮೋಸ’ ಎಂಬ ತರ್ಕ ಸರಿಯಲ್ಲ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮದ ಪ್ರಕಾರ ನೋಂದಣಿ ಮತ್ತು ಮೊದಲ ಪಾವತಿಗೆ ಒಟಿಪಿ ಬೇಕು. ಆಮೇಲಿನ ಪ್ರತಿ ಕಡಿತ 15,000 ರೂಪಾಯಿ ಒಳಗಿದ್ದರೆ ಬೇಡ. ಈ ಮಿತಿ ಮೊದಲು 5,000 ಇತ್ತು, 2022ರ ಜೂನ್‌ನಲ್ಲಿ ಏರಿತು.

ಒಟಿಪಿಯ ಬದಲಿಗೆ ನಿಯಮ ಇನ್ನೊಂದು ಕಾವಲು ಇಟ್ಟಿದೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ಎಸ್‌ಎಂಎಸ್ ಅಥವಾ ಇಮೇಲ್ ಕಳುಹಿಸಬೇಕು. ಅದರಲ್ಲಿ ವ್ಯಾಪಾರಿಯ ಹೆಸರು, ಮೊತ್ತ, ದಿನಾಂಕ, ಮ್ಯಾಂಡೇಟಿನ ಸಂಖ್ಯೆ, ಕಡಿತದ ಕಾರಣ ಇರಬೇಕು. ಆದ್ದರಿಂದ ಈ ಪರೀಕ್ಷೆ ಮಾಡಿ: ಕಡಿತದ ದಿನದಿಂದ ಮೂರು ದಿನ ಹಿಂದಕ್ಕೆ ನಿಮ್ಮ ಎಸ್‌ಎಂಎಸ್‌ಗಳನ್ನು ಓದಿ. ಸಾಲದ ಜಾಹೀರಾತು, ಪಾರ್ಸೆಲಿನ ಸುದ್ದಿ, ಮತ್ತೊಂದು ಸಾಲದ ಜಾಹೀರಾತು, ಇವುಗಳ ನಡುವೆ ಅದು ಹೂತಿರುತ್ತದೆ. ಸಿಕ್ಕರೆ ಮ್ಯಾಂಡೇಟ್ ಇದೆ ಎಂದು ಖಚಿತವಾಯಿತು.

ನಂತರ ಬ್ಯಾಂಕಿನ ಆ್ಯಪ್ ಅಥವಾ ನೆಟ್‌ಬ್ಯಾಂಕಿಂಗಿನ ಕಾರ್ಡ್ ವಿಭಾಗದಲ್ಲಿ ಸ್ಥಾಯಿ ಸೂಚನೆಗಳ ಪಟ್ಟಿ ತೆರೆಯಿರಿ. ಕೆಲವು ಬ್ಯಾಂಕುಗಳಲ್ಲಿ ಅದನ್ನು ‘ಇ-ಮ್ಯಾಂಡೇಟ್’ ಎಂದು ಕರೆದಿರುತ್ತಾರೆ. ಅಲ್ಲಿ ವ್ಯಾಪಾರಿ, ಗರಿಷ್ಠ ಮೊತ್ತ, ಎಷ್ಟು ಸಮಯಕ್ಕೊಮ್ಮೆ ಎಂಬುದರ ಜೊತೆಗೆ ಮ್ಯಾಂಡೇಟ್ ಶುರುವಾದ ದಿನಾಂಕವೂ ಸಾಮಾನ್ಯವಾಗಿ ಇರುತ್ತದೆ. ಇಡೀ ಹುಡುಕಾಟದಲ್ಲಿ ಅತಿ ಉಪಯುಕ್ತವಾದದ್ದು ಆ ದಿನಾಂಕ. ಆ ದಿನ ನೀವು ಏನು ಮಾಡುತ್ತಿದ್ದಿರಿ, ಯಾವ ಇಮೇಲ್ ಬಂದಿತ್ತು ಎಂದು ನೋಡಿದರೆ ಹೆಸರಿನ ಮುಸುಕು ಕಳಚುತ್ತದೆ.

ಪಟ್ಟಿಯಲ್ಲಿ ಇಲ್ಲ, ಎಸ್‌ಎಂಎಸ್ ಕೂಡ ಬಂದಿಲ್ಲ, ಒಟಿಪಿಯೂ ಇಲ್ಲ, ಮೊತ್ತ ವಿದೇಶಿ ಹಣದಲ್ಲಿದೆ ಎಂದಾದರೆ ಎಚ್ಚರಗೊಳ್ಳಿ. ವಿದೇಶದ ಅನೇಕ ಜಾಲತಾಣಗಳು ಕಾರ್ಡಿನ ಸಂಖ್ಯೆ, ಅವಧಿ ಮತ್ತು ಹಿಂಬದಿಯ ಮೂರಂಕಿಯಿಂದಲೇ ಹಣ ಪಡೆಯುತ್ತವೆ. ಮನೆಯವರು ಯಾರಾದರೂ ಅಲ್ಲಿ ಕಾರ್ಡ್ ಹಾಕಿದ್ದಾರೆಯೇ ಎಂದು ಅದೇ ದಿನ ಕೇಳಿ. ಇಲ್ಲ ಎಂದರೆ ಸೀದಾ ಬ್ಯಾಂಕಿಗೆ ಕರೆ ಮಾಡಿ.

ಲಕ್ಷಣ: ವಿಚಿತ್ರ ಪೈಸೆಗಳಿರುವ ಮೊತ್ತ, ಹಿಂದೆಯೇ ಇನ್ನೆರಡು ಸಣ್ಣ ಕಡಿತ

ಉಡುಪಿಯಲ್ಲಿ ಮದುವೆ ಕಾಗದ, ಫ್ಲೆಕ್ಸ್ ವಿನ್ಯಾಸ ಮಾಡುವ ಪರಿಚಯದವರೊಬ್ಬರ ಸ್ಟೇಟ್‌ಮೆಂಟಿನಲ್ಲಿ 2025ರ ಮಾರ್ಚ್ 12ಕ್ಕೆ 5,030.34 ರೂಪಾಯಿ ಇತ್ತು. ಹೆಸರು ಲಂಡನ್ನಿನ ಒಂದು ಕಂಪನಿಯದು, ಕೊನೆಗೆ ತುಂಡಾದ ಪದ. ಸ್ವಲ್ಪ ಕೆಳಗೆ 176.06, ಅದರ ಕೆಳಗೆ 31.69. ‘ಮೂರು ಸಲ ದೋಚಿದ್ದಾರೆ’ ಎಂದು ಅವರು ಕಾರ್ಡ್ ಬ್ಲಾಕ್ ಮಾಡಿಸಲು ಹೊರಟಿದ್ದರು.

ಸಣ್ಣ ಮೊತ್ತಗಳಿಂದ ಶುರು ಮಾಡೋಣ ಎಂದೆ. 176.06 ಎಂದರೆ 5,030.34ರ ಶೇಕಡಾ 3.5. ಇದು ವಿದೇಶಿ ಕರೆನ್ಸಿಯ ವಹಿವಾಟಿಗೆ ಬ್ಯಾಂಕು ಹಾಕಿದ ಶುಲ್ಕ. 31.69 ಎಂದರೆ 176.06ರ ಶೇಕಡಾ 18, ಆ ಶುಲ್ಕದ ಮೇಲಿನ ಜಿಎಸ್‌ಟಿ. ಅಂದರೆ ಕಡಿತ ಒಂದೇ, ಉಳಿದೆರಡು ಅದರ ಬಾಲ, ಮತ್ತು ಅವೆರಡನ್ನೂ ಹಾಕಿದ್ದು ಬ್ಯಾಂಕು. ಕೆಲವು ಬ್ಯಾಂಕುಗಳು ಶುಲ್ಕವನ್ನು ಮೂಲ ಮೊತ್ತದಲ್ಲೇ ಸೇರಿಸಿಬಿಡುತ್ತವೆ, ಅವರ ಬ್ಯಾಂಕು ಬೇರೆಯಾಗಿ ತೋರಿಸಿತ್ತು.

ಈಗ ದೊಡ್ಡ ಮೊತ್ತ. ಸ್ಟೇಟ್‌ಮೆಂಟಿನಲ್ಲಿ ಪಕ್ಕದ ಸಾಲಿನಲ್ಲೇ ಡಾಲರ್ ಮೊತ್ತವೂ ಇತ್ತು: 57.82. ರೂಪಾಯಿಯನ್ನು ಅದರಿಂದ ಭಾಗಿಸಿದರೆ ಡಾಲರಿಗೆ 87 ಬಿತ್ತು, ಆ ದಿನಗಳ ದರಕ್ಕೆ ಸರಿ. ಆದರೆ 57.82 ಎಂಬ ಬೆಲೆಯನ್ನು ಯಾರೂ ಇಡುವುದಿಲ್ಲ. ವಿದೇಶದಿಂದ ಇಲ್ಲಿನ ಗ್ರಾಹಕರಿಗೆ ಡಿಜಿಟಲ್ ಸೇವೆ ಮಾರುವವರು ಶೇಕಡಾ 18 ಜಿಎಸ್‌ಟಿ ಸೇರಿಸಬೇಕು. ಆದ್ದರಿಂದ 57.82ನ್ನು 1.18ರಿಂದ ಭಾಗಿಸಿದೆವು. ಬಂದದ್ದು ಸರಿಯಾಗಿ 49. ಇದು ಅಂಗಡಿಯವರು ಇಡುವಂಥ ಬೆಲೆ, ವರ್ಷದ ಚಂದಾದ ಬೆಲೆ.

ಸ್ಥಾಯಿ ಸೂಚನೆಗಳ ಪಟ್ಟಿಯಲ್ಲಿ ಅದೇ ಲಂಡನ್ ಹೆಸರು ಸಿಕ್ಕಿತು. ನೋಂದಣಿ 2024ರ ಮಾರ್ಚ್ 12, ಸರಿಯಾಗಿ ವರ್ಷದ ಹಿಂದೆ. ಉಳಿದದ್ದು ಇಮೇಲ್. ಅವರು ಲಂಡನ್ ಕಂಪನಿಯ ಹೆಸರಿನಿಂದ, ಬಳಿಕ ‘5030’ ಎಂದು ಹುಡುಕಿ ಏನೂ ಸಿಗದೆ ಕೈಚೆಲ್ಲಿದ್ದರು. ಸಿಗುವುದಾದರೂ ಹೇಗೆ? ಮಾರಾಟಗಾರನಿಗೆ ರೂಪಾಯಿಯ ಮೊತ್ತ ಗೊತ್ತೇ ಇರುವುದಿಲ್ಲ, ಬಿಲ್ಲಿನಲ್ಲಿ ಇರುವುದು ಡಾಲರು. ಜಿಮೇಲಿನಲ್ಲಿ ಹೀಗೆ ಹುಡುಕಿದೆವು:

```
in:anywhere "57.82" after:2025/03/09 before:2025/03/16
```

`in:anywhere` ಎಂದು ಸೇರಿಸದಿದ್ದರೆ ಜಿಮೇಲ್ ಸ್ಪ್ಯಾಮ್ ಮತ್ತು ಕಸದಬುಟ್ಟಿಯನ್ನು ನೋಡುವುದಿಲ್ಲ. ಅವರ ಸ್ವಂತ ಖಾತೆಯಲ್ಲಿ ಏನೂ ಬರಲಿಲ್ಲ. ಗ್ರಾಹಕರು ವಿನ್ಯಾಸ ಕಳುಹಿಸಲೆಂದು ಅಂಗಡಿಯ ಹೆಸರಿನಲ್ಲಿ ಇಟ್ಟಿರುವ ಇನ್ನೊಂದು ಖಾತೆಯ ಸ್ಪ್ಯಾಮಿನಲ್ಲಿ ರಸೀದಿ ಇತ್ತು. ಅಕ್ಷರ ವಿನ್ಯಾಸದ ಒಂದು ಸಾಫ್ಟ್‌ವೇರ್. ಹಿಂದಿನ ವರ್ಷ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಕೇಳಿದ್ದ, ಇವರೇ ಕಾರ್ಡ್ ಕೊಟ್ಟು ಒಟಿಪಿ ಹೇಳಿದ್ದರು. ಹುಡುಗ ಈಗ ಮಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಸಾಫ್ಟ್‌ವೇರ್ ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೂ ಕೆಲಸ ಮಾಡುತ್ತಿದೆ. ಬೇಕೋ ಬೇಡವೋ ಎಂದು ಅವರು ಯೋಚಿಸಿ ಚಂದಾ ಉಳಿಸಿಕೊಂಡರು. ಬ್ಲಾಕ್ ಮಾಡಿಸಿದ್ದರೆ ಅದೇ ಕಾರ್ಡಿನಲ್ಲಿರುವ ಕರೆಂಟ್ ಬಿಲ್ಲು, ಇಂಟರ್‌ನೆಟ್ ಎಲ್ಲದರ ಮ್ಯಾಂಡೇಟನ್ನು ಹೊಸ ಕಾರ್ಡಿನಲ್ಲಿ ಮತ್ತೆ ಮಾಡಿಸುವ ಕೆಲಸ ಬೀಳುತ್ತಿತ್ತು.

ಭಾಗಿಸಿದಾಗ ಹೀಗೆ ಹದವಾದ ಬೆಲೆ ಬರದಿದ್ದರೆ ಅದೇ ಮೋಸದ ಗುರುತು ಎಂದುಕೊಳ್ಳಬೇಡಿ. ಎಲ್ಲ ಮಾರಾಟಗಾರರೂ ತೆರಿಗೆಯನ್ನು ಬೇರೆಯಾಗಿ ಸೇರಿಸುವುದಿಲ್ಲ. ಹದವಾದ ಬೆಲೆ ಬಂದರೆ ಮಾತ್ರ ಅದು ಬಲವಾದ ಸುಳಿವು.

ಲಕ್ಷಣ: ಕಡಿತ ಕಾರ್ಡಿನದಲ್ಲ, ಉಳಿತಾಯ ಖಾತೆಯದು

ಪಾಸ್‌ಬುಕ್ಕಿನ ಸಾಲಿನಲ್ಲಿ `UPI` ಎಂದಿದ್ದರೆ ಹೆಸರಿನ ಬದಲು `@` ಇರುವ ವಿಳಾಸವನ್ನು ಓದಿ. `playstore@axisbank` ಎಂದಿದ್ದರೆ ಅದು ಗೂಗಲ್ ಪ್ಲೇ. `@` ಚಿಹ್ನೆಯ ಬಲಕ್ಕಿರುವುದು ಹಣ ಪಡೆದವರು ಬಳಸುವ ಬ್ಯಾಂಕು. ಅಲ್ಲಿ ನಿಮಗೆ ಖಾತೆ ಇಲ್ಲ ಎಂಬುದು ಗಾಬರಿಗೆ ಕಾರಣವಲ್ಲ. ನಂತರ ನೀವು ಬಳಸುವ ಪ್ರತಿಯೊಂದು ಯುಪಿಐ ಆ್ಯಪಿನಲ್ಲಿ ‘ಆಟೋಪೇ’ ವಿಭಾಗ ತೆರೆಯಿರಿ. ಪ್ರತಿಯೊಂದು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಒಂದು ಆ್ಯಪಿನಲ್ಲಿ ಮಾಡಿದ ಮ್ಯಾಂಡೇಟ್ ಇನ್ನೊಂದರ ಪಟ್ಟಿಯಲ್ಲಿ ಕಾಣದೇ ಇರಬಹುದು. ಒಂದು ರೂಪಾಯಿಗೆ ಪ್ರಯೋಗ ನೋಡಿ ಎಂದು ಶುರುವಾಗಿ ಕೆಲವು ದಿನಗಳ ಬಳಿಕ ನೂರಾರು ರೂಪಾಯಿ ಎಳೆಯುವ ಆ್ಯಪುಗಳು ಹೆಚ್ಚಾಗಿ ಇಲ್ಲೇ ಸಿಕ್ಕಿಬೀಳುತ್ತವೆ. ಆ ಒಂದು ರೂಪಾಯಿಗೆ ಪಿನ್ ಒತ್ತಿದಾಗ ನೀವು ಒಪ್ಪಿದ್ದು ಮುಂದಿನದಕ್ಕೂ ಆಗಿರುತ್ತದೆ.

`ACH D` ಎಂದು ಶುರುವಾಗುವ ಸಾಲಿನಲ್ಲಿ `INDIAN CLEARING CORP` ಕಂಡರೆ ಅದು ನಿಮ್ಮ ಮ್ಯೂಚುವಲ್ ಫಂಡಿನ ಎಸ್‌ಐಪಿ. ಫಂಡಿನ ಹೆಸರು ಎಲ್ಲೂ ಇರುವುದಿಲ್ಲ, ಏಕೆಂದರೆ ಹಣ ಮುಂಬೈ ಷೇರು ವಿನಿಮಯ ಕೇಂದ್ರದ ವೇದಿಕೆಯ ಮೂಲಕ ಹೋಗುತ್ತದೆ. ಮೇ ಕೊನೆಯಲ್ಲೋ ಜೂನ್ ಹೊತ್ತಿಗೋ 436 ಮತ್ತು 20 ರೂಪಾಯಿ ಹೋಗಿದ್ದರೆ ಅವು ಪ್ರಧಾನ ಮಂತ್ರಿ ಜೀವನ್ ಜ್ಯೋತಿ ಮತ್ತು ಸುರಕ್ಷಾ ಬಿಮಾ ಕಂತುಗಳು. ಅಮ್ಮನ ಖಾತೆಯಲ್ಲಿ ಇವನ್ನು ಕಂಡು ಶಾಖೆಗೆ ಓಡಿ ಬರುವ ಮಕ್ಕಳು ಪ್ರತಿ ವರ್ಷವೂ ಇದ್ದಾರೆ.

ಲಕ್ಷಣ: ಆ್ಯಪ್ ಅಳಿಸಿಯಾಗಿದೆ, ಕಡಿತ ನಿಂತಿಲ್ಲ

ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ ‘ಪಾವತಿಗಳು ಮತ್ತು ಚಂದಾದಾರಿಕೆಗಳು’ ತೆರೆಯಿರಿ. ಫೋನಿನಲ್ಲಿ ಎರಡು ಮೂರು ಜಿಮೇಲ್ ಖಾತೆಗಳಿದ್ದರೆ ಒಂದೊಂದಕ್ಕೂ ಬದಲಿಸಿ ನೋಡಿ. ಚಂದಾ ಯಾವ ಖಾತೆಯಲ್ಲಿ ಕೊಂಡಿತ್ತೋ ಅಲ್ಲಿ ಮಾತ್ರ ಕಾಣುತ್ತದೆ. ಮಕ್ಕಳ ಟ್ಯಾಬ್, ಮಣಿಪಾಲದಲ್ಲಿ ಓದುವ ಮಗಳ ಲ್ಯಾಪ್‌ಟಾಪ್, ದುಬೈಯಲ್ಲಿರುವ ಅಣ್ಣ ಊರಿಗೆ ಬಂದಾಗ ಟಿವಿಯಲ್ಲಿ ಲಾಗಿನ್ ಆದ ಖಾತೆ, ಇವನ್ನೂ ಬಿಡಬೇಡಿ. ಆ್ಯಪಲ್ ಬಳಸುವವರು `reportaproblem.apple.com` ನಲ್ಲಿ ನೋಡಬೇಕು. ಅಲ್ಲಿ ಹಲವು ಖರೀದಿಗಳು ಒಟ್ಟಾಗಿ ಒಂದೇ ಬಿಲ್ಲಾಗಿ ಬರುವುದುಂಟು, ಆದ್ದರಿಂದ ಮೊತ್ತ ಯಾವ ಒಂದು ಚಂದಾಕ್ಕೂ ಹೊಂದದೇ ಇರಬಹುದು.

ಗುರುತು ಸಿಕ್ಕ ಮೇಲೆ ಬೇಡವೆನಿಸಿದರೆ ಮೊದಲು ಆ್ಯಪಿನಲ್ಲಿ ಅಥವಾ ಆ್ಯಪ್ ಸ್ಟೋರಿನ ಪುಟದಲ್ಲಿ ಚಂದಾ ರದ್ದು ಮಾಡಿ, ಬಳಿಕ ಬ್ಯಾಂಕಿನಲ್ಲಿ ಮ್ಯಾಂಡೇಟ್ ರದ್ದು ಮಾಡಿ. ಬರೀ ಮ್ಯಾಂಡೇಟ್ ಕಿತ್ತರೆ ಹಣ ನಿಲ್ಲುತ್ತದೆ, ಆದರೆ ಕಂಪನಿಯ ಪುಸ್ತಕದಲ್ಲಿ ನೀವು ಬಾಕಿದಾರರಾಗಿ ಉಳಿಯಬಹುದು. ರದ್ದು ಮಾಡುವ ಗುಂಡಿಯೇ ಸಿಗದಂತೆ ಅಡಗಿಸಿಟ್ಟಿದ್ದರೆ ಅದು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿದ ‘ಚಂದಾ ಬಲೆ’. ಪರದೆಯ ಚಿತ್ರ ತೆಗೆದಿಟ್ಟು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಇಷ್ಟೆಲ್ಲ ನೋಡಿಯೂ ಗುರುತು ಸಿಗದಿದ್ದರೆ

ಒಂದು ಸಂಜೆಗಿಂತ ಹೆಚ್ಚು ಹುಡುಕಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದ ಅನಧಿಕೃತ ಕಡಿತವನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೂ ಐದು ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೂ 10,000 ರೂಪಾಯಿವರೆಗಿನ ನಷ್ಟ ನಿಮ್ಮ ತಲೆಗೆ ಬರಬಹುದು. ಆಮೇಲೆ ಬ್ಯಾಂಕಿನ ಸ್ವಂತ ನೀತಿ. ದಿನ ಎಣಿಸುವುದು ಎಸ್‌ಎಂಎಸ್ ಬಂದ ದಿನವನ್ನು ಬಿಟ್ಟು. ತಿಂಗಳ ಸ್ಟೇಟ್‌ಮೆಂಟಿಗಾಗಿ ಕಾದವರು ಈ ಗಡುವನ್ನು ಆಗಲೇ ದಾಟಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಕಡಿತದ ಎಸ್‌ಎಂಎಸ್ ಅನ್ನು ಅಂದೇ ಓದುವುದು ಒಳ್ಳೆಯದು.

ಬ್ಯಾಂಕಿಗೆ ಹೇಳುವಾಗ ಮಾತು ನೆಟ್ಟಗಿರಲಿ. ‘ಈ ವ್ಯಾಪಾರಿ ಯಾರೆಂದು ಗುರುತು ಸಿಗುತ್ತಿಲ್ಲ’ ಎಂಬುದು ಒಂದು ದೂರು, ‘ಈ ವಹಿವಾಟು ನಾನು ಮಾಡಿಲ್ಲ’ ಎಂಬುದು ಇನ್ನೊಂದು. ಎರಡನೆಯದನ್ನು ಹೇಳಿದರೆ ಕಾರ್ಡ್ ರದ್ದಾಗುತ್ತದೆ, ತನಿಖೆ ನಡೆಯುತ್ತದೆ. ಅದು ನಿಮ್ಮದೇ ಚಂದಾ ಎಂದು ಕೊನೆಗೆ ವ್ಯಾಪಾರಿ ದಾಖಲೆ ತೋರಿಸಿದರೆ ತಾತ್ಕಾಲಿಕವಾಗಿ ಮರಳಿದ ಹಣ ಮತ್ತೆ ಕಡಿತವಾಗುತ್ತದೆ, ಆ ಸೇವೆಯ ನಿಮ್ಮ ಖಾತೆಯೂ ಮುಚ್ಚಿಹೋಗಬಹುದು. ನಿಜಕ್ಕೂ ಗೊತ್ತಿಲ್ಲದಿದ್ದರೆ ಮೊದಲನೆಯದನ್ನು ಹೇಳಿ, ವ್ಯಾಪಾರಿಯ ಪೂರ್ಣ ಹೆಸರು ಮತ್ತು ಸಂಪರ್ಕ ಕೇಳಿ; ಸ್ಟೇಟ್‌ಮೆಂಟಿನಲ್ಲಿ ಅಚ್ಚಾದದ್ದಕ್ಕಿಂತ ಹೆಚ್ಚಿನ ವಿವರ ಬ್ಯಾಂಕಿಗೆ ಸಿಗುತ್ತದೆ. ಅದೇ ಕರೆಯಲ್ಲಿ, ಗುರುತು ಸಿಗದಿದ್ದರೆ ಇದನ್ನು ಅನಧಿಕೃತ ಎಂದೇ ಪರಿಗಣಿಸಬೇಕು ಎಂದು ದಾಖಲಿಸಿ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಗಡುವಿನ ಒಳಗೆ ತಿಳಿಸಿದ್ದಕ್ಕೆ ಆ ಸಂಖ್ಯೆಯೇ ಸಾಕ್ಷಿ.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ಮಾಹಿತಿಗೆ 14448. ದೂರಿನ ಜೊತೆ ಬ್ಯಾಂಕಿಗೆ ಕೊಟ್ಟ ಮೊದಲ ದೂರಿನ ಪ್ರತಿ ಇರಲೇಬೇಕು. ಬ್ಯಾಂಕಿಗೆ ಹೇಳದೆ ನೇರವಾಗಿ ಅಲ್ಲಿಗೆ ಹೋದ ದೂರನ್ನು ಅವರು ಸ್ವೀಕರಿಸುವುದಿಲ್ಲ.